ಆಪ್ ಅಳಿಸಿದರೂ ನಿಲ್ಲದ ಕಡಿತ: ಸಣ್ಣ ಚಂದಾಗಳನ್ನು ಹುಡುಕಿ ತೆಗೆಯುವ ಬಗೆ

ಡೊಂಬಿವಲಿಯ ಒಂದು ಪತಪೇಢಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಇಲ್ಲಿ ಸಹಕಾರಿ ಸಾಲ ಸಂಘಕ್ಕೆ ಜನ ಕರೆಯುವ ಹೆಸರು ಅದು. ನಿವೃತ್ತಿಯ ಬಳಿಕ ಬಂಧುಗಳ ಮನೆಯ ಲೆಕ್ಕ ನೋಡಿಕೊಡುವ ಚಾಳಿ ಅಂಟಿದೆ. ಕಳೆದ ಏಪ್ರಿಲ್‌ನ ಒಂದು ಭಾನುವಾರ ಅಕ್ಕನ ಮಗ ಬಂದು, "ಮಾಮ, ಸಂಬಳ ಸಾಲುವುದಿಲ್ಲ ಎಂದು ನಾನು ದೂರುವುದಿಲ್ಲ. ಎಲ್ಲಿಗೆ ಹೋಯಿತು ಎಂದು ಹೆಂಡತಿ ಕೇಳಿದರೆ ಹೇಳಲು ನನಗೆ ಗೊತ್ತಾಗುವುದಿಲ್ಲ" ಎಂದ. ಅವನಿಗೆ ಠಾಣೆಯಲ್ಲಿ ಕೆಲಸ. ಹೆಂಡತಿ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾಳೆ. ಮಗಳು ಐದನೆಯ ತರಗತಿ. ಮನೆಕಂತು, ಶಾಲೆಯ ಶುಲ್ಕ, ಸೊಸೈಟಿಯ ನಿರ್ವಹಣಾ ವೆಚ್ಚ, ಎಲ್ಲವೂ ಅವನಿಗೆ ಬಾಯಿಪಾಠ. ಬಾಯಿಪಾಠವಾಗದ ಖರ್ಚು ಒಂದು ವರ್ಷದಲ್ಲಿ 8,460 ರೂಪಾಯಿ 80 ಪೈಸೆ ಎಂದು ಆ ಸಂಜೆ ತಿಳಿಯಿತು. ಅದನ್ನು ಹೇಗೆ ಹುಡುಕಿದೆವು, ಹೇಗೆ ನಿಲ್ಲಿಸಿದೆವು, ಎಲ್ಲಿ ಎಡವಿದೆವು ಎಂಬುದನ್ನು ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮೊದಲು ಒಂದು ವಿಷಯ ಮನಸ್ಸಿಗೆ ಬರಬೇಕು. ನೀವು ಯಾವುದೋ ಆಪ್‌ಗೆ ಚಂದಾ ಕಟ್ಟಿದಾಗ ಹಣ ಕತ್ತರಿಸುವ ಅನುಮತಿ ಆ ಆಪ್‌ನ ಒಳಗೆ ಇರುವುದಿಲ್ಲ. ಅದು ನಿಮ್ಮ ಬ್ಯಾಂಕಿನ ಬಳಿ, ಕಾರ್ಡಿನ ಮೇಲೆ ಅಥವಾ ಯುಪಿಐ ವ್ಯವಸ್ಥೆಯಲ್ಲಿ ಒಂದು ಆದೇಶವಾಗಿ ಕುಳಿತಿರುತ್ತದೆ. ಬ್ಯಾಂಕಿನವರು ಅದನ್ನು ಮ್ಯಾಂಡೇಟ್ ಎನ್ನುತ್ತಾರೆ. ಮೊಬೈಲಿನಿಂದ ಆಪ್ ಅಳಿಸುವುದು ಅಂಗಡಿಯ ಕಡೆಗೆ ಹೋಗುವುದನ್ನು ಬಿಟ್ಟಂತೆ, ಅಷ್ಟೇ. ಅಂಗಡಿಯವನ ಕೈಯಲ್ಲಿ ನಿಮ್ಮ ಸಹಿಯ ಚೀಟಿ ಹಾಗೆಯೇ ಉಳಿದಿದೆ. ಆದ್ದರಿಂದ ಮೊಬೈಲಿನಲ್ಲಿರುವ ಆಪ್‌ಗಳನ್ನು ಎಣಿಸುತ್ತಾ ಕೂರಬೇಡಿ. ಖಾತೆಯಿಂದ ಹೊರಟು ಹಿಂದಕ್ಕೆ ಹುಡುಕಿ.

ಒಂದು ಪೂರ್ತಿ ವರ್ಷದ ಸ್ಟೇಟ್‌ಮೆಂಟ್

ಮೂರು ತಿಂಗಳ ಸ್ಟೇಟ್‌ಮೆಂಟ್ ಸಾಕೆಂದು ಅಳಿಯ ವಾದಿಸಿದ. ಸಾಲದು. ತಿಂಗಳ ಚಂದಾ ಮೂರು ತಿಂಗಳಲ್ಲಿ ಸಿಗುತ್ತದೆ, ಆದರೆ ವರ್ಷಕ್ಕೊಮ್ಮೆ ಹೋಗುವುದು ಸಿಗಬೇಕಾದರೆ ಹನ್ನೆರಡು ತಿಂಗಳೂ ಬೇಕು. ಏಪ್ರಿಲ್ 1ರಿಂದ ಮಾರ್ಚ್ 31ರ ವರೆಗೆ ತೆಗೆದುಕೊಂಡರೆ ಹಣಕಾಸು ವರ್ಷಕ್ಕೂ ಸರಿಹೊಂದುತ್ತದೆ. ನೆಟ್ ಬ್ಯಾಂಕಿಂಗ್‌ನಲ್ಲಿ ಇದನ್ನು ಎಕ್ಸೆಲ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಪಿಡಿಎಫ್ ಓದಲು ಚೆನ್ನಾಗಿರುತ್ತದೆ, ಆದರೆ ಅದನ್ನು ಜರಡಿ ಹಿಡಿಯಲು ಬರುವುದಿಲ್ಲ.

ಎಲ್ಲ ಖಾತೆಗಳದ್ದೂ ಬೇಕು. ಮುಂಬೈ ಕಡೆಯ ನಮ್ಮವರಲ್ಲಿ ಬಹಳ ಮಂದಿಗೆ ಊರಿನ ಖಾತೆ ಎಂಬುದೊಂದು ಇರುತ್ತದೆ. ಕುಂದಾಪುರದಲ್ಲೋ ಕಾರ್ಕಳದಲ್ಲೋ ಅಪ್ಪ ತೆರೆಸಿದ್ದು, ಈಗ ವರ್ಷಕ್ಕೊಮ್ಮೆ ಊರಿಗೆ ಹೋದಾಗ ಪಾಸ್‌ಬುಕ್ ಮುದ್ರಿಸಿಕೊಂಡು ಬರುವಂಥದ್ದು. ಅಳಿಯನಿಗೂ ಒಂದಿತ್ತು. "ಅದರಲ್ಲಿ ಏನೂ ನಡೆಯುವುದಿಲ್ಲ ಮಾಮ" ಎಂದ. ಏನೂ ನಡೆಯದ ಖಾತೆಯಲ್ಲೇ ಬ್ಯಾಂಕಿನ ಶುಲ್ಕಗಳು ನಿರಾತಂಕವಾಗಿ ನಡೆಯುತ್ತವೆ, ಯಾರೂ ನೋಡುವುದಿಲ್ಲವಲ್ಲ. ಹೀಗೆ ಅವನ ಸಂಬಳದ ಖಾತೆ, ಊರಿನ ಖಾತೆ, ಒಂದು ಕ್ರೆಡಿಟ್ ಕಾರ್ಡ್ ಮತ್ತು ಹೆಂಡತಿಯ ಉಳಿತಾಯ ಖಾತೆ ಸೇರಿ ನಾಲ್ಕು ಕಡತಗಳಾದವು. ಸಾವಿರದ ಇನ್ನೂರು ಸಾಲುಗಳಿಗಿಂತ ಹೆಚ್ಚು.

ಮೂರು ಜರಡಿ

ಅಷ್ಟು ಸಾಲುಗಳನ್ನು ಕಣ್ಣಿನಿಂದ ಓದಿದರೆ ನೂರನೆಯ ಸಾಲಿಗೆ ನಿದ್ದೆ ಬರುತ್ತದೆ. ಮುಂಬೈ ಕಡೆಯ ಸ್ಟೇಟ್‌ಮೆಂಟ್‌ಗಳಲ್ಲಂತೂ ಯುಪಿಐ ಬಂದ ಮೇಲೆ ಚಹಾ, ವಡಾಪಾವ್, ರಿಕ್ಷಾ ಇವೇ ತುಂಬಿರುತ್ತವೆ. ಹಾಗಾಗಿ ಜರಡಿ ಬೇಕು, ಅದೂ ಒಂದಲ್ಲ.

ಮೊದಲ ಜರಡಿ ಮೊತ್ತದ್ದು. ಚಂದಾದ ಗುಣವೇ ಒಂದೇ ಮೊತ್ತ ಮತ್ತೆ ಮತ್ತೆ ಬರುವುದು. ಎಕ್ಸೆಲ್‌ನಲ್ಲಿ ದಿನಾಂಕ A, ವಿವರ B, ಕಡಿತದ ಮೊತ್ತ C ಅಂಕಣದಲ್ಲಿದೆ ಎಂದುಕೊಳ್ಳಿ. ಖಾಲಿ ಇರುವ ಅಂಕಣದಲ್ಲಿ ಇದನ್ನು ಬರೆದು ಕೆಳಗಿನವರೆಗೆ ಎಳೆಯಿರಿ:

```
=COUNTIF(C:C,C2)
```

ಆ ಮೊತ್ತ ವರ್ಷದಲ್ಲಿ ಎಷ್ಟು ಬಾರಿ ಬಂದಿದೆ ಎಂಬುದು ಪಕ್ಕದಲ್ಲೇ ಕಾಣುತ್ತದೆ. ನಾಲ್ಕು ಕಡತಗಳಲ್ಲಿ ನಮಗೆ ತಟ್ಟನೆ ಸಿಕ್ಕಿದ್ದು ಇವು: 130 ರೂಪಾಯಿ ಅವನ ಕಾರ್ಡಿನಲ್ಲಿ ಹನ್ನೆರಡು ಬಾರಿ, ಹೆಂಡತಿಯ ಖಾತೆಯಲ್ಲೂ ಹನ್ನೆರಡು ಬಾರಿ. 299 ರೂಪಾಯಿ ಅವನ ಸಂಬಳದ ಖಾತೆಯಲ್ಲಿ ಒಂಬತ್ತು ಬಾರಿ. 349 ರೂಪಾಯಿ ಹದಿಮೂರು ಬಾರಿ. 49 ರೂಪಾಯಿ ಹೆಂಡತಿಯ ಖಾತೆಯಲ್ಲಿ ಐವತ್ತೆರಡು ಬಾರಿ. ಐವತ್ತೆರಡು ಕಂಡಾಗ ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಫೋಟೊ ತಿದ್ದುವ ಒಂದು ಆಪ್ ವಾರಕ್ಕೊಮ್ಮೆ ಕತ್ತರಿಸುವ ಚಂದಾ ಅದು. ಪರದೆಯ ಮೇಲೆ 49 ಎಂದು ದೊಡ್ಡದಾಗಿ, ವಾರಕ್ಕೆ ಎಂದು ಸಣ್ಣದಾಗಿ ಬರೆದಿರುತ್ತಾರೆ. ವರ್ಷಕ್ಕೆ 2,548 ರೂಪಾಯಿ ಎಂದು ಯಾರೂ ಬರೆಯುವುದಿಲ್ಲ.

ಹದಿಮೂರು ಎಂಬ ಸಂಖ್ಯೆಯ ಬಗ್ಗೆ ಒಂದು ಮಾತು. ಅದು ಮೊಬೈಲ್ ರೀಚಾರ್ಜ್. 28 ದಿನಗಳ ಯೋಜನೆಯನ್ನು ನಾವು ತಿಂಗಳಿನದ್ದು ಎಂದುಕೊಳ್ಳುತ್ತೇವೆ, ಆದರೆ 365ನ್ನು 28ರಿಂದ ಭಾಗಿಸಿದರೆ ಹದಿಮೂರು ಬರುತ್ತದೆ. ವರ್ಷಕ್ಕೆ ಒಂದು ರೀಚಾರ್ಜ್ ಹೆಚ್ಚು. 30 ದಿನಗಳ ಯೋಜನೆಯೊಂದನ್ನೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2022ರಲ್ಲಿ ಕಂಪನಿಗಳಿಗೆ ಹೇಳಿದೆ. ಆದರೆ ಅದನ್ನು ನೀವಾಗಿಯೇ ಹುಡುಕಬೇಕು, ಮತ್ತು ದಿನದ ಲೆಕ್ಕದಲ್ಲಿ ನಿಜಕ್ಕೂ ಅಗ್ಗವೇ ಎಂದು ಭಾಗಿಸಿ ನೋಡಬೇಕು. ಇದು ನಿಲ್ಲಿಸುವ ಖರ್ಚಲ್ಲವಾದ್ದರಿಂದ ನಮ್ಮ ಮೊತ್ತಕ್ಕೆ ಸೇರಿಸಲಿಲ್ಲ.

ಎರಡನೆಯ ಜರಡಿ ಪೈಸೆಯದ್ದು, ನನಗೆ ಬಹಳ ಪ್ರಿಯವಾದದ್ದು. ವಡಾಪಾವ್‌ಗೆ ಯಾರೂ 17 ರೂಪಾಯಿ 70 ಪೈಸೆ ಕೊಡುವುದಿಲ್ಲ. ಸ್ಟೇಟ್‌ಮೆಂಟ್‌ನಲ್ಲಿ ಪೈಸೆ ಕಂಡರೆ ಅಲ್ಲಿ ಹೆಚ್ಚಾಗಿ ಯಾವುದೋ ಶುಲ್ಕದ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿರುತ್ತದೆ. ಆ ಮೊತ್ತವನ್ನು 1.18ರಿಂದ ಭಾಗಿಸಿ. 17.70 ಭಾಗಿಸಿದರೆ 15: ಎಸ್‌ಎಂಎಸ್ ಸೂಚನೆಗಾಗಿ ಬ್ಯಾಂಕು ಮೂರು ತಿಂಗಳಿಗೊಮ್ಮೆ ಹಿಡಿಯುವ ಹಣ. 236 ಪೂರ್ಣ ಸಂಖ್ಯೆಯೇ ಆದರೂ ಭಾಗಿಸಿದರೆ 200 ಬರುತ್ತದೆ: ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ. ಹೀಗೆ ಭಾಗಿಸಿದಾಗ ಶೇಷವಿಲ್ಲದೆ ಬರುವ ಸಾಲುಗಳನ್ನು ಎಕ್ಸೆಲ್ ತಾನೇ ತೋರಿಸುತ್ತದೆ:

```
=MOD(ROUND(C2/1.18,2),1)=0
```

`TRUE` ಎಂದು ಬಂದ ಸಾಲುಗಳನ್ನು ನೋಡಿ. ಅವೆಲ್ಲವೂ ಶುಲ್ಕವೇ ಆಗಿರುವುದಿಲ್ಲ. 59 ರೂಪಾಯಿಯ ತರಕಾರಿಯೂ, ಮೊತ್ತವೇ ಇಲ್ಲದ ಜಮಾ ಸಾಲುಗಳೂ ಈ ಬಲೆಗೆ ಬೀಳುತ್ತವೆ. ಹಾಗೆಯೇ ಆಪ್ ಚಂದಾಗಳ ಬೆಲೆಯಲ್ಲಿ ತೆರಿಗೆ ಸಾಮಾನ್ಯವಾಗಿ ಒಳಗೇ ಸೇರಿರುವುದರಿಂದ ಅವು ಇದರಲ್ಲಿ ಸಿಗುವುದಿಲ್ಲ. ಇದು ಬ್ಯಾಂಕಿನ ಶುಲ್ಕಗಳಿಗೆ ಮಾತ್ರ ಹೇಳಿ ಮಾಡಿಸಿದ ಜರಡಿ. ಊರಿನ ಖಾತೆಯಲ್ಲಿ ಎಸ್‌ಎಂಎಸ್‌ಗೆ ನಾಲ್ಕು ಬಾರಿ 17.70, ಕಾರ್ಡಿಗೆ ಒಂದು ಬಾರಿ 236, ಒಟ್ಟು 306 ರೂಪಾಯಿ 80 ಪೈಸೆ ಸಿಕ್ಕಿತು. ಆ ಕಾರ್ಡು ಎಲ್ಲಿದೆ ಎಂದು ಕೇಳಿದರೆ ಇಬ್ಬರಿಗೂ ಗೊತ್ತಿರಲಿಲ್ಲ.

ಮೂರನೆಯದು ಹೆಸರಿನ ಜರಡಿ. ವಿವರದ ಅಂಕಣದಲ್ಲಿ ಕೆಲವು ಪದಗಳನ್ನು ಹುಡುಕಬೇಕು: `ACH`, `SI`, `MANDATE`, `AUTOPAY`, `CHRG`, `AMC`, `PMJJBY`, `PMSBY`. ಬ್ಯಾಂಕಿನಿಂದ ಬ್ಯಾಂಕಿಗೆ ಬರವಣಿಗೆ ಬದಲಾಗುತ್ತದೆ, ಆದರೆ ಹೆಚ್ಚಾಗಿ ಇವುಗಳಲ್ಲಿ ಯಾವುದಾದರೂ ಇರುತ್ತದೆ. ಆಪ್‌ನ ಹೆಸರು ಹಾಗೆಯೇ ಕಾಣುತ್ತದೆ ಎಂದು ನಂಬಬೇಡಿ. ಎಷ್ಟೋ ಕಡೆ ಹಣ ಸಂಗ್ರಹಿಸಿಕೊಡುವ ಮಧ್ಯವರ್ತಿ ಕಂಪನಿಯ ಹೆಸರೋ, ಆಪ್ ಸ್ಟೋರಿನ ಹೆಸರೋ ಇರುತ್ತದೆ.

ಈ ಜರಡಿ ಏಕೆ ಬೇಕು ಎಂಬುದಕ್ಕೆ ಅಳಿಯನ ಕಡತದಲ್ಲೇ ಉದಾಹರಣೆ ಇತ್ತು. 20 ರೂಪಾಯಿ ಎಂಬ ಮೊತ್ತ ಅವನ ಸಂಬಳದ ಖಾತೆಯಲ್ಲಿ ಅರವತ್ತಕ್ಕೂ ಹೆಚ್ಚು ಬಾರಿ ಬಂದಿತ್ತು. ಸ್ಟೇಷನ್ನಿನ ಹೊರಗಿನ ವಡಾಪಾವ್ ಗಾಡಿ. ಆ ಇಪ್ಪತ್ತುಗಳ ಗುಂಪಿನ ನಡುವೆ, ಮೇ ತಿಂಗಳ ಕೊನೆಯ ವಾರದಲ್ಲಿ, `PMSBY` ಎಂದು ಬರೆದ ಒಂದು ಇಪ್ಪತ್ತು ಅಡಗಿ ಕುಳಿತಿತ್ತು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಅಪಘಾತ ವಿಮೆ ಅದು. ಪಕ್ಕದಲ್ಲೇ `PMJJBY` ಎಂದು 436 ರೂಪಾಯಿ, ಅದು ಜೀವನ ಜ್ಯೋತಿ ವಿಮೆ. ಎರಡೂ ಒಳ್ಳೆಯ, ಅಗ್ಗದ ವಿಮೆಗಳು, ಒಂದೊಂದಕ್ಕೆ ಎರಡು ಲಕ್ಷದ ರಕ್ಷಣೆ. ತೊಂದರೆ ಏನೆಂದರೆ ಊರಿನ ಖಾತೆಯಲ್ಲೂ ಅದೇ ವಾರ ಅದೇ ಎರಡು ಸಾಲುಗಳಿದ್ದವು. ಎರಡು ಬ್ಯಾಂಕುಗಳಲ್ಲೂ ಎಂದೋ ಫಾರ್ಮ್‌ಗೆ ಸಹಿ ಹಾಕಿದ್ದ. ಯೋಜನೆಯ ನಿಯಮದಂತೆ ಒಬ್ಬ ವ್ಯಕ್ತಿ ಒಂದೇ ಖಾತೆಯ ಮೂಲಕ ಸೇರಬಹುದು. ಎರಡು ಕಡೆ ಕಟ್ಟಿದರೂ ಪರಿಹಾರ ಎರಡು ಲಕ್ಷವೇ, ಎರಡನೆಯ ಕಂತು ಮುಟ್ಟುಗೋಲು. ವರ್ಷಕ್ಕೆ 456 ರೂಪಾಯಿ ದಾನ.

ಮೂರು ಜರಡಿಗಳಿಗೂ ಸಿಗದೆ ಜಾರುವುದು ವರ್ಷಕ್ಕೊಮ್ಮೆ ಹೋಗುವ ಪೂರ್ಣ ಮೊತ್ತದ ಚಂದಾ. ಅದು ಒಂದೇ ಬಾರಿ ಬರುತ್ತದೆ, ಪೈಸೆ ಇರುವುದಿಲ್ಲ, ಹೆಸರು ಮಧ್ಯವರ್ತಿಯದ್ದು. ಇದಕ್ಕೆ ಇಮೇಲ್ ಪೆಟ್ಟಿಗೆಯೇ ಗತಿ. ಅಲ್ಲಿ `renew`, `subscription`, `receipt`, `trial` ಎಂದು ಒಂದೊಂದಾಗಿ ಹುಡುಕಿ. ಅಳಿಯನಿಗೆ ಹೀಗೆ ಸಿಕ್ಕಿದ್ದು 899 ರೂಪಾಯಿಯ ಒಂದು ವಿಡಿಯೊ ಚಂದಾ. ಅದೇ ವಿಡಿಯೊ ಸೇವೆ ಅವನ ಮನೆಯ ಬ್ರಾಡ್‌ಬ್ಯಾಂಡ್ ಯೋಜನೆಯೊಳಗೆ ಸೇರಿಕೊಂಡೇ ಬರುತ್ತಿತ್ತು.

ಆದೇಶ ಎಲ್ಲಿ ಕುಳಿತಿದೆ

ಈಗ ಪ್ರತಿಯೊಂದರ ಮುಂದೆ ಅದು ಯಾವ ದಾರಿಯಿಂದ ಹೋಗುತ್ತಿದೆ ಎಂದು ಬರೆಯಬೇಕು. ದಾರಿಗಳು ನಾಲ್ಕು.

ಯುಪಿಐ ಆಟೋಪೇ 2020ರ ಜುಲೈಯಲ್ಲಿ ಬಂತು. ಸಣ್ಣ ಚಂದಾಗಳ ಹೆದ್ದಾರಿ ಈಗ ಅದೇ. ನೀವು ಬಳಸುವ ಯುಪಿಐ ಆಪ್‌ನ ಪ್ರೊಫೈಲ್ ಪುಟದಲ್ಲಿ `Autopay` ಅಥವಾ `Mandates` ಎಂಬ ಸಾಲು ಇರುತ್ತದೆ. ಅದನ್ನು ಒತ್ತಿದರೆ ಚಾಲ್ತಿಯಲ್ಲಿರುವ ಆದೇಶಗಳ ಪಟ್ಟಿ ಬರುತ್ತದೆ. ಪ್ರತಿ ಆದೇಶದಲ್ಲಿ ಯಾರಿಗೆ, ಎಷ್ಟು ದಿನಕ್ಕೊಮ್ಮೆ, ಯಾವ ದಿನಾಂಕದವರೆಗೆ, ಮತ್ತು ಗರಿಷ್ಠ ಎಷ್ಟು ಎಂದು ಇರುತ್ತದೆ. ಆ ಗರಿಷ್ಠ ಮೊತ್ತವನ್ನು ಓದದೆ ಬಿಡಬೇಡಿ. ತಿಂಗಳಿಗೆ 299 ಎಂದು ನೀವು ಒಪ್ಪಿದ್ದರೂ ಆದೇಶದಲ್ಲಿ ಗರಿಷ್ಠ 5,000 ಎಂದು ಇರಬಹುದು. ಅಂದರೆ ನಾಳೆ ಬೆಲೆ 499 ಆದರೆ ನಿಮ್ಮನ್ನು ಮತ್ತೆ ಪಿನ್ ಕೇಳಬೇಕಾಗಿಲ್ಲ. ಆದೇಶ ಕೊಡುವಾಗ ಒಮ್ಮೆ ಪಿನ್ ಒತ್ತಿದರೆ, ಅನಂತರ 15,000 ರೂಪಾಯಿ ಮೀರದ ಕಡಿತಗಳಿಗೆ ಪ್ರತಿ ಬಾರಿ ಪಿನ್ ಬೇಕಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ. ಮೊದಲು 2,000 ಇದ್ದ ಈ ಮಿತಿ 5,000 ಆಗಿ, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು.

ಒಂದು ಕಡೆ ಜನ ಸಿಕ್ಕಿಬೀಳುತ್ತಾರೆ. ಆದೇಶವನ್ನು ಯಾವ ಯುಪಿಐ ಆಪ್‌ನಿಂದ ಕೊಟ್ಟಿದ್ದೀರೋ ಅದರಲ್ಲೇ ಹುಡುಕುವುದು ಖಚಿತವಾದ ದಾರಿ. ಎಲ್ಲ ಆಪ್‌ಗಳ ಆದೇಶಗಳನ್ನೂ ಒಂದೇ ಕಡೆ ತೋರಿಸುವ ವ್ಯವಸ್ಥೆ ಬರುತ್ತಿದೆ, ಆದರೆ ಅದನ್ನೇ ನೆಚ್ಚಿಕೊಂಡು ಪಟ್ಟಿ ಖಾಲಿ ಎಂದು ಸಮಾಧಾನಪಡಬೇಡಿ. ಅಳಿಯನ 299 ರೂಪಾಯಿ ಮಗಳಿಗೆಂದು ಹಾಕಿಸಿದ ಇಂಗ್ಲಿಷ್ ಕಲಿಕೆಯ ಆಪ್‌ನದ್ದು. ಜೂನ್‌ನಲ್ಲಿ ಒಂದು ರೂಪಾಯಿಯ ಪ್ರಯೋಗ, ಜುಲೈಯಿಂದ 299. ಮಗಳು ಎರಡು ವಾರ ನೋಡಿ ಬಿಟ್ಟಳು, ಇವನು ಆಪ್ ಅಳಿಸಿದ. ಮಾರ್ಚ್‌ವರೆಗೆ ಒಂಬತ್ತು ತಿಂಗಳಲ್ಲಿ 2,691 ರೂಪಾಯಿ ಹೋಗಿತ್ತು. ಅವನು ಈಗ ಬಳಸುವ ಎರಡೂ ಯುಪಿಐ ಆಪ್‌ಗಳಲ್ಲಿ ಆ ಆದೇಶ ಕಾಣಲಿಲ್ಲ. ಕಳೆದ ವರ್ಷ ಕ್ಯಾಶ್‌ಬ್ಯಾಕ್ ಆಸೆಗೆ ಹಾಕಿಕೊಂಡು ಬಿಟ್ಟಿದ್ದ ಮೂರನೆಯದನ್ನು ಅದೇ ಸಿಮ್ ಇರುವ ಮೊಬೈಲಿನಲ್ಲಿ ಮತ್ತೆ ಹಾಕಿ, ಅದೇ ಖಾತೆ ಜೋಡಿಸಿದ ಮೇಲೆ ಸಿಕ್ಕಿತು.

ಎರಡನೆಯ ದಾರಿ ಕಾರ್ಡು. ಕಾರ್ಡಿನ ಮೇಲಿರುವ ಆದೇಶಗಳು ನೆಟ್ ಬ್ಯಾಂಕಿಂಗ್‌ನಲ್ಲಿ `Standing Instructions` ಅಥವಾ `E-mandate` ಎಂಬ ಕಡೆ ಇರುತ್ತವೆ. ಹಲವು ಬ್ಯಾಂಕುಗಳು ಈ ಪಟ್ಟಿಯನ್ನು `sihub.in` ಎಂಬ ತಾಣದ ಮೂಲಕ ತೋರಿಸುತ್ತವೆ. ಅಲ್ಲಿಗೆ ಬ್ಯಾಂಕಿನ ಸ್ವಂತ ತಾಣದ ಒಳಗಿಂದಲೇ ಹೋಗಿ. ಮೂರನೆಯದು ಆಪ್ ಸ್ಟೋರ್. ಆಂಡ್ರಾಯ್ಡ್ ಆದರೆ ಪ್ಲೇ ಸ್ಟೋರಿನ ಮೇಲ್ಭಾಗದ ನಿಮ್ಮ ಚಿತ್ರ ಒತ್ತಿ `Payments & subscriptions`, ಅದರೊಳಗೆ `Subscriptions`. ಐಫೋನ್ ಆದರೆ `Settings`ನಲ್ಲಿ ನಿಮ್ಮ ಹೆಸರು ಒತ್ತಿ `Subscriptions`. ನಾಲ್ಕನೆಯದು ಸ್ಟೇಟ್‌ಮೆಂಟ್‌ನಲ್ಲಿ `ACH` ಅಥವಾ `NACH` ಎಂದು ಕಾಣುವ ದಾರಿ. ಮನೆಕಂತು, ಮ್ಯೂಚುವಲ್ ಫಂಡ್ ಕಂತು, ವಿಮಾ ಕಂತು ಹೋಗುವುದು ಹೆಚ್ಚಾಗಿ ಇಲ್ಲೇ. ಇವನ್ನು ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ, ಕೈ ಹಾಕಬೇಡಿ. ಇಂಥ ಆದೇಶವನ್ನು ಅವಸರದಲ್ಲಿ ತಡೆದರೆ ಸಾಲ ನಿಲ್ಲುವುದಿಲ್ಲ. ಕಂತು ಬೌನ್ಸ್ ಆಗಿ ಬ್ಯಾಂಕಿನ ದಂಡ, ಸಾಲ ಕೊಟ್ಟವರ ದಂಡ ಮತ್ತು ಕ್ರೆಡಿಟ್ ವರದಿಯಲ್ಲಿ ಕಲೆ, ಮೂರೂ ಸೇರಿ ಬರುತ್ತವೆ.

ನಿಲ್ಲಿಸುವ ಕ್ರಮ

ಏನನ್ನು ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಮನೆಯವರ ಕೆಲಸ. ನಾನು ಒಂದೇ ಪ್ರಶ್ನೆ ಕೇಳಿದೆ: ಕಳೆದ ಮೂವತ್ತು ದಿನಗಳಲ್ಲಿ ಇದನ್ನು ಯಾರಾದರೂ ತೆರೆದಿದ್ದೀರಾ? ಫೋಟೊ ತಿದ್ದುವ ಆಪ್, ಇಂಗ್ಲಿಷ್ ಆಪ್, 899ರ ವಿಡಿಯೊ ಈ ಪ್ರಶ್ನೆಗೆ ಬಿದ್ದವು. ಮೋಡದ ಸಂಗ್ರಹ ಎನ್ನುತ್ತಾರಲ್ಲ, ಫೋಟೊಗಳನ್ನು ಇಡುವ ಆ 130 ರೂಪಾಯಿ, ಅದು ಇಬ್ಬರಿಗೂ ಬೇಕಾದದ್ದೇ. ಆದರೆ ಒಂದೇ ಯೋಜನೆಯನ್ನು ಕುಟುಂಬದವರೊಂದಿಗೆ ಹಂಚಿಕೊಳ್ಳುವ ಅವಕಾಶ ಆ ಸೇವೆಯಲ್ಲೇ ಇತ್ತು. ಇಬ್ಬರದ್ದೂ ಸೇರಿ ಅರ್ಧದಷ್ಟು ಜಾಗವೂ ತುಂಬಿರಲಿಲ್ಲ. ಒಂದನ್ನು ಉಳಿಸಿ ಇನ್ನೊಂದನ್ನು ತೆಗೆದರೆ 1,560 ಉಳಿತಾಯ. ತೆಗೆಯುವ ಮೊದಲು ಹಂಚಿಕೆ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಮಿತಿ ಮೀರಿದ ಖಾತೆಯ ಯೋಜನೆ ಹೋದರೆ ಹೊಸ ಫೋಟೊ ಉಳಿಯುವುದು ನಿಂತುಬಿಡುತ್ತದೆ.

ಊಟ ತರಿಸುವ ಆಪ್‌ನ ಸದಸ್ಯತ್ವವನ್ನು ಉಳಿಸಿದೆವು. ಮೂರು ತಿಂಗಳಿಗೆ 149 ರೂಪಾಯಿ. ಆ ಅವಧಿಯಲ್ಲಿ ಹದಿನಾಲ್ಕು ಬಾರಿ ತರಿಸಿದ್ದರು, ಒಮ್ಮೆಗೆ ಮೂವತ್ತೈದು ರೂಪಾಯಿಯಂತೆ ಸಾಗಣೆಯ ಹಣ ಉಳಿದಿತ್ತು. ಐದನೆಯ ಊಟಕ್ಕೇ ಸದಸ್ಯತ್ವದ ಹಣ ಹುಟ್ಟಿದೆ. ಹದಿನಾಲ್ಕು ಬಾರಿ ಏಕೆ ತರಿಸಿದಿರಿ ಎಂಬುದು ಬೇರೆ ಪ್ರಶ್ನೆ. ಅದನ್ನು ಕೇಳಿದರೆ ಮುಂದಿನ ಬಾರಿ ಲೆಕ್ಕಕ್ಕೆ ಕರೆಯುವುದಿಲ್ಲ.

ನಿಲ್ಲಿಸುವಾಗ ಮೊದಲು ಸೇವೆಯಲ್ಲಿ ಚಂದಾ ರದ್ದು ಮಾಡಿ, ಅನಂತರ ಆದೇಶ ರದ್ದು ಮಾಡಿ. ಹಿಂದುಮುಂದಾದರೆ ಸೇವೆಯವರ ಪುಸ್ತಕದಲ್ಲಿ ನೀವು ಬಾಕಿದಾರರಾಗಿ ಉಳಿಯುತ್ತೀರಿ, ನೆನಪಿನ ಸಂದೇಶಗಳು ಬರುತ್ತಲೇ ಇರುತ್ತವೆ. ಸೇವೆಯವರ ರದ್ದು ಗುಂಡಿ ಸಿಗದಿದ್ದರೆ ಮಾತ್ರ ನೇರವಾಗಿ ಆದೇಶಕ್ಕೆ ಹೋಗಿ, ಮತ್ತು ಅವರಿಗೆ ಒಂದು ಇಮೇಲ್ ಬರೆದು ಇಟ್ಟುಕೊಳ್ಳಿ. ಎರಡರ ಸ್ಕ್ರೀನ್‌ಶಾಟ್ ಬೇಕು. ಯುಪಿಐ ಆಪ್‌ನಲ್ಲಿ `Pause` ಮತ್ತು `Cancel` ಅಥವಾ `Revoke` ಎಂದು ಬೇರೆ ಬೇರೆ ಇರುತ್ತವೆ. `Pause` ಒತ್ತಿದರೆ ಅದು ಮಲಗುತ್ತದೆ ಅಷ್ಟೇ, ಸಾಯುವುದಿಲ್ಲ. ರದ್ದು ಮಾಡುವಾಗ ಪಿನ್ ಕೇಳಿದರೆ ಗಾಬರಿಪಡಬೇಡಿ, ನೀವೇ ತೆರೆದ ಆಪ್‌ನೊಳಗೆ ಅದು ಸರಿಯಾದ ಕ್ರಮ.

ಸಮಯವನ್ನೂ ನೋಡಬೇಕು. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ನಿಮಗೆ ಸೂಚನೆ ಕಳುಹಿಸಬೇಕು, ಆ ಕಡಿತವನ್ನು ಬೇಡವೆನ್ನುವ ಅವಕಾಶವನ್ನೂ ಕೊಡಬೇಕು. ಫಾಸ್ಟ್ಯಾಗ್ ತಾನಾಗಿ ತುಂಬಿಕೊಳ್ಳುವಂಥ ಕೆಲವಕ್ಕೆ 2024ರಲ್ಲಿ ವಿನಾಯಿತಿ ಸಿಕ್ಕಿದೆ. ಉಳಿದವಕ್ಕೆ ಸೂಚನೆ ಬಂದೇ ಬರುತ್ತದೆ, ಆದರೆ ಅದು ಬರುವ ಕಡೆ ನಲವತ್ತು ಜಾಹೀರಾತುಗಳೂ ಬರುತ್ತವೆ. ಅಳಿಯನ ಮೊಬೈಲಿನಲ್ಲಿ 299ರ ಒಂಬತ್ತೂ ಸೂಚನೆಗಳು ಓದದೆ ಬಿದ್ದಿದ್ದವು. ಇನ್ನು ಮುಂದೆ ಅವನ್ನು ಓದಿ, ಆದರೆ ಸಂದೇಶದಲ್ಲಿರುವ ಕೊಂಡಿ ಒತ್ತಬೇಡಿ. ಅದೇ ವೇಷದ ಕಳ್ಳ ಸಂದೇಶಗಳೂ ತಿರುಗಾಡುತ್ತಿವೆ. ಯುಪಿಐ ಆಪ್ ಅಥವಾ ಬ್ಯಾಂಕಿನ ತಾಣವನ್ನು ನೀವಾಗಿಯೇ ತೆರೆದು ರದ್ದು ಮಾಡಿ.

ವಿಮೆಯ ಎರಡನೆಯ ಕಂತು ಯಾವ ಆಪ್‌ನಿಂದಲೂ ನಿಲ್ಲಲಿಲ್ಲ. ಅದಕ್ಕೆ ಊರಿನ ಬ್ಯಾಂಕಿನ ಶಾಖೆಗೆ ಪತ್ರ ಕೊಡಬೇಕಾಯಿತು. ಈ ಎರಡು ಯೋಜನೆಗಳ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ, ಕಂತನ್ನು ಮೇ 25ರಿಂದ 31ರ ನಡುವೆ ಹಿಡಿಯುತ್ತಾರೆ. ಪತ್ರ ಅದಕ್ಕೂ ಮೊದಲೇ ತಲುಪಬೇಕು. ಅಕ್ಕ ಊರಿನಲ್ಲೇ ಇರುವುದರಿಂದ ಅಳಿಯ ಸಹಿ ಮಾಡಿದ ಪತ್ರವನ್ನು ಅಂಚೆಯಲ್ಲಿ ಕಳುಹಿಸಿದ, ಅವಳು ಶಾಖೆಗೆ ಕೊಟ್ಟು ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡಳು. ಕಾರ್ಡು ಬೇಡ, ಎಸ್‌ಎಂಎಸ್ ಸೂಚನೆಯ ಬದಲು ಇಮೇಲ್ ಸಾಕು ಎಂದು ಅದೇ ಪತ್ರದಲ್ಲಿ ಬರೆಸಿದ್ದೆ. ಯಾವ ಖಾತೆಯ ವಿಮೆಯನ್ನು ಉಳಿಸುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ, ಅದರಲ್ಲಿ ನಾಮಿನಿಯ ಹೆಸರು ಸರಿಯಿದೆಯೇ ಎಂದು ನೋಡಿ. ಎರಡನ್ನೂ ನಿಲ್ಲಿಸಿ ಕೂತವರನ್ನು ನಾನು ಕಂಡಿದ್ದೇನೆ.

ಹೋದ ಹಣ

ಹಿಂದೆ ಹೋದದ್ದು ಬರುತ್ತದೆಯೇ ಎಂದು ಅಳಿಯನ ಹೆಂಡತಿ ಕೇಳಿದಳು. ಬಹುಪಾಲು ಬರುವುದಿಲ್ಲ, ಅದನ್ನು ನೇರವಾಗಿಯೇ ಹೇಳಿದೆ. ಪಿನ್ ಒತ್ತಿ ಒಪ್ಪಿದ ಕಡಿತವನ್ನು ಬ್ಯಾಂಕು ವಂಚನೆ ಎಂದು ಪರಿಗಣಿಸುವುದಿಲ್ಲ. ನೀವು ಒಪ್ಪಿಯೇ ಇರದ ಕಡಿತವಾದರೆ ದಾರಿ ಬೇರೆ. ಅದನ್ನು ಬ್ಯಾಂಕಿಗೆ ಕೂಡಲೇ ತಿಳಿಸಬೇಕು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ಹೊರಗಿನ ಯಾರದೋ ಎಂದಾದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆ ನಿಮ್ಮ ಮೇಲಿರುವುದಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ.

ನಡುವೆ ಒಂದು ಜಾಗವಿದೆ: ಒಪ್ಪಿದ್ದು ನಿಜ, ಆದರೆ ಒಪ್ಪಿಸಿದ ರೀತಿ ಸರಿಯಿಲ್ಲ. ರದ್ದು ಮಾಡುವ ಗುಂಡಿಯನ್ನು ಅಡಗಿಸುವುದು, ಉಚಿತ ಪ್ರಯೋಗಕ್ಕೂ ಹಣ ಕಡಿತದ ಅನುಮತಿ ಹಾಕಿಸಿಕೊಳ್ಳುವುದು ಇಂಥವನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಚಂದಾ ಬಲೆ ಎಂದೇ ಹೆಸರಿಸಿ ನಿಷೇಧಿಸಿದೆ. ಆ ಮಾರ್ಗಸೂಚಿಯ ಹೆಸರು ಹೇಳಿ ಮೊದಲು ಕಂಪನಿಗೆ ಬರೆಯಿರಿ, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಇಂಗ್ಲಿಷ್ ಆಪ್‌ನವರಿಗೆ ಅಳಿಯ ಹೀಗೆ ಬರೆದ. ಒಂದು ತಿಂಗಳ 299 ವಾಪಸು ಬಂತು, ಉಳಿದ ಎಂಟಕ್ಕೆ ಉತ್ತರವಿಲ್ಲ. ಹಠ ಹಿಡಿಯಬಹುದಿತ್ತು, ಅವನಿಗೆ ಪುರಸೊತ್ತಿರಲಿಲ್ಲ.

ಎಡವಿದ ಕಡೆ

ಮೇ ತಿಂಗಳ ಮೊದಲ ಭಾನುವಾರ ಮತ್ತೆ ಸ್ಟೇಟ್‌ಮೆಂಟ್ ತೆಗೆದು ನೋಡಿದೆವು. ರದ್ದು ಮಾಡಿದ್ದು ನಿಜಕ್ಕೂ ರದ್ದಾಗಿದೆಯೇ ಎಂದು ಕಡಿತದ ಮುಂದಿನ ದಿನಾಂಕ ದಾಟಿದ ಮೇಲೆ ನೋಡದಿದ್ದರೆ ಮಾಡಿದ ಕೆಲಸ ಅರ್ಧವೇ. 299 ನಿಂತಿತ್ತು, ಎರಡನೆಯ 130 ನಿಂತಿತ್ತು. 49 ಮಾತ್ರ ಹಾಗೆಯೇ ಮೂರು ಬಾರಿ ಹೋಗಿತ್ತು.

"ನಾನು ಪ್ಲೇ ಸ್ಟೋರಿನಲ್ಲಿ ನೋಡಿದೆ ಮಾಮ, ಅಲ್ಲಿ ಚಂದಾಗಳ ಪಟ್ಟಿಯೇ ಖಾಲಿ ಇತ್ತು. ಆಪ್ ಕೂಡ ಅಳಿಸಿದೆ" ಎಂದಳು ಅವಳು. ನಾವು ಯಾರೂ ಆ ಖಾಲಿ ಪಟ್ಟಿಯನ್ನು ಅನುಮಾನಿಸಲಿಲ್ಲ. ಹಣ ಹೋಗುತ್ತಿರುವಾಗ ಪಟ್ಟಿ ಖಾಲಿ ಇದ್ದರೆ ನೀವು ಬೇರೆ ಯಾರದೋ ಪಟ್ಟಿ ನೋಡುತ್ತಿದ್ದೀರಿ ಎಂದೇ ಅರ್ಥ. ಅವಳ ಮೊಬೈಲಿನಲ್ಲಿ ಎರಡು ಗೂಗಲ್ ಐಡಿಗಳಿದ್ದವು: ಒಂದು ಅವಳದ್ದು, ಇನ್ನೊಂದು ಮಗಳ ಆನ್‌ಲೈನ್ ತರಗತಿಗೆಂದು ಕೋವಿಡ್ ಕಾಲದಲ್ಲಿ ಮಾಡಿದ್ದು. ಫೋಟೊ ಆಪ್‌ನ ಚಂದಾ ಎರಡನೆಯದರ ಹೆಸರಿನಲ್ಲಿತ್ತು. ಪ್ಲೇ ಸ್ಟೋರ್ ಒಂದು ಸಲಕ್ಕೆ ಒಂದು ಐಡಿಯ ಪಟ್ಟಿಯನ್ನಷ್ಟೇ ತೋರಿಸುತ್ತದೆ. ಮೇಲ್ಭಾಗದ ಚಿತ್ರ ಒತ್ತಿ, ಐಡಿ ಬದಲಿಸಿ, ಮತ್ತೆ `Subscriptions` ತೆರೆದಾಗ ಅದು ಅಲ್ಲಿ ಕುಳಿತಿತ್ತು. ರದ್ದು ಮಾಡಿ, ಅವಳ ಯುಪಿಐ ಆಪ್‌ನಲ್ಲಿದ್ದ ಆದೇಶವನ್ನೂ ತೆಗೆದೆವು. ಮೂರು ವಾರಗಳ 147 ರೂಪಾಯಿ ನನ್ನ ಅಜಾಗರೂಕತೆಯ ಲೆಕ್ಕಕ್ಕೆ.

ಮೇ 31ರ ರಾತ್ರಿ ಅಳಿಯ ಎರಡೂ ಖಾತೆಗಳನ್ನು ತೆರೆದು ನೋಡಿ ಕರೆ ಮಾಡಿದ. ಸಂಬಳದ ಖಾತೆಯಲ್ಲಿ 436 ಮತ್ತು 20 ಕಡಿತವಾಗಿತ್ತು. ಊರಿನ ಖಾತೆಯಲ್ಲಿ ಏನೂ ನಡೆದಿರಲಿಲ್ಲ.